ಮೂವತ್ತು ದಿನದಲ್ಲಿ ಒಂದು ಪುಸ್ತಕ: ಪುಟದ ಲೆಕ್ಕ, ಜೊತೆಗೆ ದಿನಕ್ಕೊಂದು ರಿಮೈಂಡರ್

ಹೋದ ವರ್ಷ ನನ್ನ ಫೋನಿನಲ್ಲಿ ರಾತ್ರಿ ಹತ್ತು ಗಂಟೆಗೆ ಒಂದು ಅಲಾರಂ ಇತ್ತು. ಅದರ ಹೆಸರು "ಓದು". ಅಷ್ಟೇ. ಅದು ಹೊಡೆದುಕೊಳ್ಳುವ ಹೊತ್ತಿಗೆ ನಾನು ಮೂರು ವರ್ಷದ ಮಗನನ್ನು ತಟ್ಟಿ ಮಲಗಿಸುತ್ತಾ ಇರುತ್ತಿದ್ದೆ. ಎರಡು ಸಲ ಆ ಸದ್ದಿಗೆ ಅವನು ಎದ್ದು ಕೂತ. ಮೂರನೇ ದಿನದಿಂದ ನನ್ನ ಕೈ ತಾನಾಗೇ ಹೋಗಿ ಅಲಾರಂ ಆಫ್ ಮಾಡುತ್ತಿತ್ತು. ತಿಂಗಳ ಕೊನೆಗೆ ಪುಸ್ತಕದೊಳಗಿನ ಗುರುತು 14ನೇ ಪುಟದಲ್ಲೇ ಇತ್ತು.

ನಾನೇ ಸೋಮಾರಿ ಅಂದುಕೊಂಡಿದ್ದೆ. ಆಮೇಲೆ ಸಮಾಧಾನವಾಗಿ ಯೋಚಿಸಿದಾಗ ಮೂರು ತಪ್ಪು ಕಂಡವು. ಆರಿಸಿದ ಹೊತ್ತು ಸರಿಯಿರಲಿಲ್ಲ. ದಿನಕ್ಕೆ ಎಷ್ಟು ಪುಟ ಅನ್ನುವ ಲೆಕ್ಕ ಇರಲಿಲ್ಲ. ರಿಮೈಂಡರ್ "ಓದು" ಅನ್ನುತ್ತಿತ್ತು, ಎಲ್ಲಿ ಕೂತು ಎಷ್ಟು ಅಂತ ಹೇಳುತ್ತಿರಲಿಲ್ಲ. ಈ ಮೂರನ್ನು ಸರಿ ಮಾಡಿಕೊಂಡು ಅದೇ ಕಾದಂಬರಿಯನ್ನು ಮೊದಲಿನಿಂದ ಶುರು ಮಾಡಿದೆ. 162 ಪುಟ, 30 ದಿನ, ದಿನಕ್ಕೆ ಸುಮಾರು ಹತ್ತು ನಿಮಿಷ. ಅದೇ ಲೆಕ್ಕವನ್ನು ಕೆಳಗೆ ಕೊಟ್ಟಿದ್ದೇನೆ. ನಿಮ್ಮ ಪುಸ್ತಕಕ್ಕೆ ಅಂಕಿಗಳನ್ನು ಬದಲಿಸಿಕೊಂಡರೆ ಆಯ್ತು.

## ಮೊದಲು ಹೊತ್ತು ಹುಡುಕಿ

ಶುರು ಮಾಡುವ ಮುಂಚೆ ಮೂರು ದಿನ ಒಂದು ಚೀಟಿ ಜೇಬಲ್ಲಿ ಇಟ್ಟುಕೊಳ್ಳಿ. ಒಂದು ಕೆಲಸ ಮುಗಿದು ಇನ್ನೊಂದು ಶುರುವಾಗದೆ ಇರುವ ಸಂದುಗಳನ್ನೆಲ್ಲ ಅದರಲ್ಲಿ ಬರೆಯಿರಿ. ಸಂದು ಅಂದರೆ ಕನಿಷ್ಠ ಹತ್ತು ನಿಮಿಷದ್ದು, ಮತ್ತು ಆಗ ಮಕ್ಕಳ ಹೊಣೆ ನಿಮ್ಮ ಮೇಲೆ ಇರಬಾರದು. ಈ ಎರಡನೇ ಮಾತು ಮುಖ್ಯ. ಮಗು ಆಡಿಕೊಂಡಿದೆ, ನಾನು ಪಕ್ಕದಲ್ಲಿ ಓದುತ್ತೇನೆ ಅಂತ ಎಷ್ಟೋ ಸಲ ಹೊರಟಿದ್ದೇನೆ. ಒಂದೇ ಸಾಲನ್ನು ನಾಲ್ಕು ಸಲ ಓದಿದ್ದೇ ಬಂತು.

ನನ್ನ ಚೀಟಿಯಲ್ಲಿ ನಾಲ್ಕು ಸಂದು ಸಿಕ್ಕವು: ಬೆಳಿಗ್ಗೆ ಮಕ್ಕಳು ಏಳುವ ಮುಂಚೆ, ಆಫೀಸಿನಲ್ಲಿ ಊಟ ಆದ ಮೇಲೆ, ಶನಿವಾರ ಮಗಳ ಕ್ಲಾಸಿನ ಹೊರಗೆ ಕಾಯುವಾಗ, ರಾತ್ರಿ ಇಬ್ಬರೂ ಮಲಗಿದ ಮೇಲೆ. ಬೆಳಗಿನದು ಚೆನ್ನಾಗಿ ಕಂಡಿತು. ಆದರೆ ನಾನು ಬೇಗ ಎದ್ದರೆ ಮಗನಿಗೂ ಎಚ್ಚರವಾಗುತ್ತದೆ, ಅದು ಹೇಗೋ ದೇವರಿಗೇ ಗೊತ್ತು. ರಾತ್ರಿಯದನ್ನು ಯಾಕೆ ಬಿಟ್ಟೆ ಅಂತ ಮುಂದೆ ಹೇಳುತ್ತೇನೆ. ವಾರದ ಐದು ದಿನಕ್ಕೆ ಊಟದ ನಂತರದ ಹೊತ್ತು, ಶನಿವಾರಕ್ಕೆ ಕ್ಲಾಸಿನ ಹೊರಗಿನ ಬೆಂಚು ಅಂತ ತೀರ್ಮಾನಿಸಿದೆ.

ಶಿಫ್ಟ್ ಕೆಲಸದವರಿಗೆ ಗಡಿಯಾರದ ಹೊತ್ತು ಕೈಕೊಡುತ್ತದೆ. ಅವರು ದಿನಾ ತಪ್ಪದೆ ಆಗುವ ಒಂದು ಕೆಲಸಕ್ಕೆ ಓದನ್ನು ಗಂಟು ಹಾಕಬೇಕು. ಶಿಫ್ಟ್ ಮುಗಿಸಿ ಬಟ್ಟೆ ಬದಲಿಸಿದ ಮೇಲೆ ಅಂತ ಇಟ್ಟುಕೊಂಡರೆ ರಿಮೈಂಡರನ್ನು ಫೋನಿನ ಬದಲು ಆ ಬಟ್ಟೆಯ ಮೇಲೆ ಚೀಟಿಯಾಗಿ ಇಡಬಹುದು. ಮನೆಯಿಂದಲೇ ಕೆಲಸ ಮಾಡುವವರು ಕೆಲಸದ ಕುರ್ಚಿಯಲ್ಲಿ ಓದಬೇಡಿ. ಎದ್ದು ಬೇರೆ ಕಡೆ ಕೂರಿ. ಇಲ್ಲದಿದ್ದರೆ ಎರಡನೇ ಪುಟಕ್ಕೇ ಕಣ್ಣು ಇ-ಮೇಲ್ ಕಡೆ ಹೋಗುತ್ತದೆ.

## ನಿಮ್ಮ ಹತ್ತು ನಿಮಿಷ ಎಷ್ಟು ಪುಟ?

ಓದುವ ವೇಗದ ಬಗ್ಗೆ ಎಲ್ಲೆಲ್ಲೋ ಕಾಣುವ ಅಂಕಿಗಳು ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಬೇಕಾಗಿರುವುದು ಈ ಪುಸ್ತಕದಲ್ಲಿ, ಆ ಹೊತ್ತಿನಲ್ಲಿ, ನಿಮ್ಮ ವೇಗ. ಹತ್ತು ನಿಮಿಷಕ್ಕೆ ಟೈಮರ್ ಇಟ್ಟು ಮಾಮೂಲಿಯಾಗಿ ಓದಿ, ಪುಟ ಎಣಿಸಿ. ಅವಸರ ಮಾಡಬೇಡಿ, ಇದು ಪಂದ್ಯವಲ್ಲ. ಮೊದಲ ಅಧ್ಯಾಯದಲ್ಲಿ ಅಳೆಯಬೇಡಿ. ಹೊಸ ಹೆಸರುಗಳು ಜಾಸ್ತಿ ಇರುವುದರಿಂದ ಅಲ್ಲಿ ಎಲ್ಲರೂ ನಿಧಾನ. ಪುಸ್ತಕದ ನಡುವಿನ ಪುಟಗಳಲ್ಲಿ ಅಳೆದರೆ ಕಥೆ ಹಾಳಾಗುತ್ತದೆ ಅಂತ ಭಯ ಇದ್ದರೆ, ಅಂಥದ್ದೇ ಅಕ್ಷರದ ಗಾತ್ರ ಇರುವ ಇನ್ನೊಂದು ಪುಸ್ತಕ ತೆಗೆದುಕೊಳ್ಳಿ.

ನಾನು ಮೂರು ಹೊತ್ತಿನಲ್ಲಿ ಅಳೆದೆ. ಬೆಳಿಗ್ಗೆ 9 ಪುಟ, ಊಟದ ನಂತರ 8, ರಾತ್ರಿ 5. ರಾತ್ರಿ ಓದಿದ ಐದರಲ್ಲಿ ಕೊನೆಯ ಎರಡು ಮರುದಿನ ಒಂದು ಚೂರೂ ನೆನಪಿರಲಿಲ್ಲ. ಅಂದರೆ ನಿಜವಾಗಿ ಮೂರೇ. ರಾತ್ರಿಯನ್ನು ಬಿಟ್ಟಿದ್ದು ಇದಕ್ಕೇ. ಸುಸ್ತಾದ ಹೊತ್ತಿನಲ್ಲಿ ಓದಿದರೆ ಅದೇ ಪುಟಗಳಿಗೆ ಮತ್ತೆ ಹೊತ್ತು ಕೊಡಬೇಕಾಗುತ್ತದೆ.

ಆರಿಸಿದ ಹೊತ್ತಿನ ಅಂಕಿಯಿಂದ ಒಂದು ಪುಟ ಕಳೆಯಿರಿ. ಯಾರೋ ಮಾತಾಡಿಸುತ್ತಾರೆ, ಶಾಲೆಯಿಂದ ಮೆಸೇಜ್ ಬರುತ್ತದೆ, ಅದಕ್ಕೆ ಈ ಒಂದು ಪುಟ. ನನ್ನ ಎಂಟು ಹೀಗೆ ಏಳಾಯಿತು. ಶನಿವಾರಕ್ಕೆ ಅಳೆದ ಅಂಕಿಯ ಅರ್ಧ, ಅಂದರೆ ನಾಲ್ಕು. ಬೆಂಚಿನ ಮೇಲೆ ಬೇರೆ ಅಮ್ಮಂದಿರು ಇರುತ್ತಾರೆ. ಅವರ ಜೊತೆ ಹರಟೆ ಬಿಟ್ಟು ಓದುವಷ್ಟು ದೊಡ್ಡವಳು ನಾನಲ್ಲ.

## ಪುಟ ಹಂಚುವುದು

ಭಾನುವಾರ ಪುಟ ಇಲ್ಲ. ಅದು ಖಾಲಿ ದಿನ, ವಾರದಲ್ಲಿ ತಪ್ಪಿದ್ದನ್ನು ತುಂಬಿಕೊಳ್ಳಲು. ಇಡೀ ಯೋಜನೆಯಲ್ಲಿ ನಾನು ಬಿಟ್ಟುಕೊಡದ ಸಂಗತಿ ಇದೊಂದೇ. ಮೂವತ್ತು ದಿನಕ್ಕೂ ಪುಟ ಹಂಚಿದರೆ ಒಂದು ದಿನ ತಪ್ಪಿದ ಕೂಡಲೇ ಲೆಕ್ಕ ಹಿಂದೆ ಬೀಳುತ್ತದೆ, ಅದನ್ನು ಹಿಡಿಯಲು ಜಾಗವೇ ಇರುವುದಿಲ್ಲ. ಚಿಕ್ಕ ಮಕ್ಕಳಿರುವ ಮನೆಯಲ್ಲಿ ತಿಂಗಳಿಗೆ ಮೂರು ನಾಲ್ಕು ದಿನ ತಪ್ಪೇ ತಪ್ಪುತ್ತದೆ, ಅಲ್ವಾ?

ಮೊದಲ ಎರಡು ದಿನ ಮೂರು ಮೂರು ಪುಟ ಮಾತ್ರ. ಆ ಎರಡು ದಿನದ ಕೆಲಸ ಪುಸ್ತಕ ಹಿಡಿದು ಆ ಕುರ್ಚಿಗೆ ಹೋಗಿ ಕೂರುವುದು. ಓದು ಅದರ ಜೊತೆಗೆ ಬರುತ್ತದೆ.

ಸೋಮವಾರ ಶುರು ಮಾಡಿದರೆ ಲೆಕ್ಕ ಹೀಗೆ. 30 ದಿನದಲ್ಲಿ ನಾಲ್ಕು ಭಾನುವಾರ ಹೋದವು. ನಾಲ್ಕು ಶನಿವಾರಕ್ಕೆ ತಲಾ ನಾಲ್ಕರಂತೆ 16 ಪುಟ. ಉಳಿದ 22 ದಿನದಲ್ಲಿ ಮೊದಲ ಎರಡಕ್ಕೆ 6 ಪುಟ, ಇಪ್ಪತ್ತು ದಿನಕ್ಕೆ ಏಳರಂತೆ 140. ಒಟ್ಟು 162. ನನ್ನ ಪುಸ್ತಕಕ್ಕೆ ಇದು ಸರಿಯಾಗಿ ಕೂತಿದ್ದು ಅದೃಷ್ಟ. ನಿಮ್ಮ ಪುಸ್ತಕ 250 ಪುಟದ್ದಾದರೆ ದಿನದ ಪುಟ ಹೆಚ್ಚಿಸಬೇಡಿ. ಅದನ್ನು ಎರಡು ಭಾಗ ಮಾಡಿ, ಈ ತಿಂಗಳು ಮೊದಲ ಭಾಗ ಅಂದುಕೊಳ್ಳಿ. ಅಥವಾ ಚಿಕ್ಕ ಪುಸ್ತಕ ಆರಿಸಿ.

ಆರಿಸುವ ಬಗ್ಗೆ ನನ್ನದು ಎರಡೇ ಮಾತು. ಅಧ್ಯಾಯಗಳು ಚಿಕ್ಕದಿರಲಿ, ಹತ್ತು ಹನ್ನೆರಡು ಪುಟದೊಳಗೆ. ಕೆಲಸಕ್ಕೆ ಸಂಬಂಧಿಸಿದ ಪುಸ್ತಕ ಬೇಡ. ಕಥಾಸಂಕಲನ ಸುಲಭ ಅಂತ ಕಾಣುತ್ತದೆ, ಆದರೆ ಪ್ರತಿ ಕಥೆಗೂ ಹೊಸ ಜನರನ್ನು ಪರಿಚಯ ಮಾಡಿಕೊಳ್ಳಬೇಕು. ತುಂಡು ತುಂಡು ಓದಿಗೆ ಒಂದೇ ಕಥೆ ಮುಂದುವರಿಯುವುದು ವಾಸಿ. ಫೋನಿನಲ್ಲಿ ಓದುವವರಿಗೆ ಒಂದು ತೊಡಕಿದೆ. ಅಕ್ಷರ ದೊಡ್ಡದು ಮಾಡಿದರೆ ಪುಟದ ಅಂಕಿ ಬದಲಾಗುತ್ತದೆ. ಅವರು ಪುಟದ ಬದಲು ಶೇಕಡಾ ಅಂಕಿ ಬರೆದುಕೊಳ್ಳಬೇಕು. ಇಷ್ಟು ದಪ್ಪದ ಪುಸ್ತಕಕ್ಕೆ ದಿನಕ್ಕೆ ಶೇಕಡಾ 4 ರಷ್ಟಾಗುತ್ತದೆ.

ಇನ್ನೊಂದು ಸಣ್ಣ ಸಾಮಾನು ಬೇಕು: ಗುರುತಿಗೆ ಇಡುವ ಉದ್ದನೆಯ ಚೀಟಿ ಮತ್ತು ಪೆನ್ಸಿಲ್. ಓದು ನಿಲ್ಲಿಸಿದಾಗ ಚೀಟಿಯ ಮೇಲೆ ಮೂರು ನಾಲ್ಕು ಪದ ಬರೆಯಿರಿ. ಯಾರು, ಎಲ್ಲಿ, ಏನಾಗುವುದರಲ್ಲಿದೆ. ನನ್ನ ಒಂದು ಚೀಟಿಯಲ್ಲಿ "ಅಕ್ಕ ಸ್ಟೇಷನ್ನಿನಲ್ಲಿ, ಪತ್ರ ಇನ್ನೂ ಒಡೆದಿಲ್ಲ" ಅಂತ ಇತ್ತು. ಇದು ಇಲ್ಲದಿದ್ದರೆ ಮರುದಿನ ಎಲ್ಲಿದ್ದೆ ಅಂತ ಹುಡುಕುವುದರಲ್ಲೇ ಹತ್ತರಲ್ಲಿ ಎರಡು ಮೂರು ನಿಮಿಷ ಹೋಗುತ್ತದೆ.

## ರಿಮೈಂಡರಿನ ಮಾತು ಹೇಗಿರಬೇಕು

ಮನೋವಿಜ್ಞಾನಿ ಪೀಟರ್ ಗೋಲ್ವಿಟ್ಸರ್ 1990ರ ದಶಕದಿಂದ ಹೇಳಿಕೊಂಡು ಬಂದಿರುವ ಒಂದು ಸಂಗತಿ ಇದೆ. "ಇದನ್ನು ಮಾಡಬೇಕು" ಅನ್ನುವ ತೀರ್ಮಾನಕ್ಕಿಂತ "ಇಂಥದ್ದು ಆದ ಕೂಡಲೇ ಇಂಥದ್ದು ಮಾಡುತ್ತೇನೆ" ಅನ್ನುವ ತೀರ್ಮಾನ ಹೆಚ್ಚು ಸಲ ಕೈಗೂಡುತ್ತದೆ. ನನ್ನ ರಿಮೈಂಡರುಗಳೆಲ್ಲ ಈ ಅಚ್ಚಿನಲ್ಲೇ ಇವೆ. ಮೊದಲು ಜಾಗ ಅಥವಾ ಆಗ ತಾನೇ ಮುಗಿದ ಕೆಲಸ. ಆಮೇಲೆ ಎಷ್ಟು ಪುಟ. ಕೊನೆಗೆ ಎಲ್ಲಿ ನಿಲ್ಲಿಸಬೇಕು. ನಿಲ್ಲಿಸುವ ಪುಟ ಬರೆದಿದ್ದರೆ ಕೂರುವುದಕ್ಕೆ ಭಯ ಆಗುವುದಿಲ್ಲ, ಯಾಕೆಂದರೆ ಏಳುವುದು ಯಾವಾಗ ಅಂತ ಮೊದಲೇ ಗೊತ್ತು.

ಉದ್ದ ಬೇಡ. ಬೀಗ ಹಾಕಿದ ಪರದೆಯ ಮೇಲೆ ಕಾಣುವುದು ಒಂದು ಸಾಲು, ಹೆಚ್ಚೆಂದರೆ ಎರಡು. ಅದಕ್ಕೇ ಮುಖ್ಯವಾದದ್ದು ಮೊದಲ ನಾಲ್ಕೈದು ಪದಗಳಲ್ಲಿ ಬರಬೇಕು. ಪಕ್ಕದ ಸಹೋದ್ಯೋಗಿಯೂ ಅದನ್ನು ಓದುತ್ತಾರೆ ಅನ್ನುವುದು ನೆನಪಿರಲಿ.

ಬೈಗುಳ ಬೇಡ. ನಾನು ಬರೆದು ನೋಡಿದ ಒಂದು ರಿಮೈಂಡರ್ "ಇವತ್ತಾದರೂ ಓದು" ಅಂತಿತ್ತು. ಅದನ್ನು ನೋಡಿದರೇ ಮುಚ್ಚುವ ಹಾಗಾಗುತ್ತಿತ್ತು. "ಸತತ 9ನೇ ದಿನ" ಅಂತ ಎಣಿಸುವುದೂ ಬೇಡ. ಹತ್ತನೇ ದಿನ ತಪ್ಪಿದರೆ ಒಂಬತ್ತೂ ನೀರುಪಾಲಾದ ಹಾಗೆ ಅನ್ನಿಸುತ್ತದೆ. ಇನ್ನೊಂದು, "ಓದಿರಿ", "ನಿಲ್ಲಿಸಿರಿ" ಅಂತ ಬರೆದು ನೋಡಿದೆ, ಆಫೀಸಿನ ಸುತ್ತೋಲೆ ಬಂದ ಹಾಗಿತ್ತು. ನಮಗೆ ನಾವೇ ಹೇಳಿಕೊಳ್ಳುವಾಗ ಏಕವಚನವೇ ಸರಿ.

ಗಂಟೆ ಯಾವಾಗ ಬಾರಿಸಬೇಕು? ನನ್ನ ಊಟದ ವಿರಾಮ ಒಂದು ಗಂಟೆಗೆ. ರಿಮೈಂಡರ್ 1:20ಕ್ಕೆ. ಆ ಹೊತ್ತಿಗೆ ಊಟ ಮುಗಿದು ಕೈ ಖಾಲಿ ಇರುತ್ತದೆ. ಒಂದು ಗಂಟೆಗೇ ಬಂದರೆ ಕೈಯಲ್ಲಿ ತುತ್ತು ಇರುತ್ತದೆ, ಆಮೇಲೆ ನೋಡೋಣ ಅಂತ ಮರೆತೇ ಹೋಗುತ್ತದೆ.

## ಮೂವತ್ತು ದಿನದ ಮಾತುಗಳು

ಮೊದಲ ವಾರ ಪೂರ್ತಿ ಜಾಗದ ಮಾತು. ಕುರ್ಚಿ, ಬೆಂಚು ಅಂತ ಇರುವ ಕಡೆ ನಿಮ್ಮ ಜಾಗ ಹಾಕಿಕೊಳ್ಳಿ.

1. ಊಟ ಮುಗೀತಾ? ಕಿಟಕಿ ಪಕ್ಕದ ಕುರ್ಚಿಗೆ ಹೋಗು. ಮೂರೇ ಪುಟ. 3ಕ್ಕೆ ನಿಲ್ಲು.
2. ಅದೇ ಕುರ್ಚಿ. ಇವತ್ತೂ ಮೂರೇ ಪುಟ. 6 ಆದರೆ ಮುಚ್ಚು.
3. ಫೋನ್ ಬೋರಲು ಇಟ್ಟು ಪುಸ್ತಕ ತೆಗಿ. ಇವತ್ತಿಂದ ಏಳು. 13ರವರೆಗೆ.
4. ಕೈ ತೊಳೆದು ನೇರ ಕುರ್ಚಿಗೆ. ಏಳು ಪುಟ. 20ರವರೆಗೆ.
5. ಕುರ್ಚಿ. ಏಳು ಪುಟ. 27. ಮುಗಿದ ಮೇಲೆ ಪುಸ್ತಕ ಬ್ಯಾಗಿಗೆ ಹಾಕು.
6. ಮಗಳು ಕ್ಲಾಸಿನ ಒಳಗೆ ಹೋದಳು. ನಾಲ್ಕೇ ಪುಟ. 31. ಆಮೇಲೆ ಹರಟೆ.
7. ಇವತ್ತು ರಜೆ. ಗುರುತು 31ರಲ್ಲಿದ್ದರೆ ಪುಸ್ತಕ ಮುಟ್ಟಬೇಡ.

ಐದನೇ ದಿನದ "ಬ್ಯಾಗಿಗೆ ಹಾಕು" ಅನ್ನುವುದನ್ನು ಸುಮ್ನೆ ಬರೆದಿಲ್ಲ. ಪುಸ್ತಕ ಆಫೀಸಿನ ಡ್ರಾಯರಿನಲ್ಲೇ ಉಳಿದರೆ ಶನಿವಾರ ಬೆಂಚಿನ ಮೇಲೆ ಕೂತು ಫೋನ್ ನೋಡುವುದೇ ಗತಿ.

ಎರಡನೇ ವಾರಕ್ಕೆ ಜಾಗ ರೂಢಿಯಾಗಿರುತ್ತದೆ. ಈಗ ಮಾತು ಕಥೆಯ ಕಡೆಗೆ, ಚೀಟಿಯ ಕಡೆಗೆ ತಿರುಗುತ್ತದೆ.

8. ಪುಸ್ತಕ ಬ್ಯಾಗಿನಿಂದ ಹೊರಗೆ. ಚೀಟಿ ನೋಡಿ ಶುರು ಮಾಡು. 38ರವರೆಗೆ.
9. ಚೀಟಿಯಲ್ಲಿ ಯಾರ ಹೆಸರಿದೆ? ಅಲ್ಲಿಂದಲೇ ಮುಂದಕ್ಕೆ. 45.
10. ಊಟ ತಡವಾಯ್ತಾ? ಹಾಗಾದರೆ ಎರಡೇ ಪುಟ. ಇಲ್ಲವಾದರೆ 52ರವರೆಗೆ.
11. ಮುಂದೇನಾಗುತ್ತೆ ಅಂತ ಊಹಿಸು. ಏಳು ಪುಟ ಓದಿ ನೋಡು. 59.
12. ಶುಕ್ರವಾರ. 66ರವರೆಗೆ. ಚೀಟಿ ಬರೆದು ಪುಸ್ತಕ ಬ್ಯಾಗಿಗೆ.
13. ಕ್ಲಾಸಿನ ಹೊರಗಿನ ಬೆಂಚು. ನಾಲ್ಕು ಪುಟ. 70.
14. ರಜೆ. ಗುರುತು 70ಕ್ಕಿಂತ ಹಿಂದಿದ್ದರೆ ಮಾತ್ರ ಪುಸ್ತಕ ತೆಗಿ.

ಹತ್ತನೇ ದಿನದ ಆಸುಪಾಸು ರಿಮೈಂಡರ್ ಸಾಯುತ್ತದೆ. ಬರುತ್ತದೆ, ಆದರೆ ನಾವು ಓದುವುದಿಲ್ಲ, ಬೆರಳು ಒತ್ತಿ ಸರಿಸಿಬಿಡುತ್ತದೆ. ಇದನ್ನು ಕಂಡುಹಿಡಿಯುವುದು ಸುಲಭ. ಸಂಜೆ ಮನೆಗೆ ಬಂದ ಮೇಲೆ ಇವತ್ತಿನ ರಿಮೈಂಡರ್ ಏನು ಹೇಳಿತ್ತು ಅಂತ ಕೇಳಿಕೊಳ್ಳಿ. ನೆನಪಾಗದಿದ್ದರೆ ಅದು ಸತ್ತಿದೆ. ಎರಡನೇ ಅಲಾರಂ ಸೇರಿಸಿದರೆ ಸರಿಹೋಗುವುದಿಲ್ಲ, ಸರಿಸುವ ಕೆಲಸ ಎರಡಾಗುತ್ತದೆ ಅಷ್ಟೇ. ಹೊತ್ತನ್ನು ಐದು ನಿಮಿಷ ಆಚೀಚೆ ಮಾಡಿ, ಮೊದಲ ಪದ ಬದಲಿಸಿ. ನಾನು ಮೂರನೇ ವಾರದಿಂದ 1:25 ಮಾಡಿದೆ.

15. ಹೊಸ ಹೊತ್ತು ಹಳೇ ಕುರ್ಚಿ. 77ರವರೆಗೆ.
16. ಬೇಜಾರಾದರೆ ಒಂದು ಪುಟ ಓದಿ ಮುಚ್ಚಬಹುದು. ಆಗದಿದ್ದರೆ 84.
17. ಅರ್ಧ ಪುಸ್ತಕ ದಾಟಿತು. ಏಳು ಪುಟ. 91.
18. ಮೀಟಿಂಗ್ ಇದೆಯಾ? ಈಗಲೇ ಎರಡು ಪುಟ. ಇಲ್ವಾ? 98ರವರೆಗೆ.
19. ಕಥೆಯಲ್ಲಿ ಯಾರ ಮೇಲೆ ಸಿಟ್ಟು ಬರ್ತಿದೆ? ಓದಿ ಚೀಟಿಯಲ್ಲಿ ಬರಿ. 105. ಪುಸ್ತಕ ಬ್ಯಾಗಿಗೆ.
20. ನಾಲ್ಕು ಪುಟ. 109. ಮಗಳು ಹೊರಗೆ ಬರೋ ಮುಂಚೆ ಮುಗಿಯುತ್ತೆ.
21. ರಜೆ. ಹಿಂದೆ ಬಿದ್ದಿದ್ದರೆ ಹದಿನಾಲ್ಕು ಪುಟ. ಅದಕ್ಕಿಂತ ಜಾಸ್ತಿ ಬೇಡ.

ನಾಲ್ಕನೇ ವಾರ ಮಾತು ಕುಗ್ಗುತ್ತದೆ. 23ನೇ ದಿನ ಬರೀ ಅಂಕಿ. ಅಂಕಿ ಕಂಡರೆ ಕುರ್ಚಿ ನೆನಪಾಗಬೇಕು. 25ನೇ ದಿನದ್ದು ಒಂದು ಪರೀಕ್ಷೆ. ಅವತ್ತು ರಿಮೈಂಡರ್ ಮಾಮೂಲಿ ಹೊತ್ತಿಗೆ ಬರುವುದಿಲ್ಲ, ಇಪ್ಪತ್ತು ನಿಮಿಷ ತಡವಾಗಿ 1:45ಕ್ಕೆ ಬರುತ್ತದೆ. ಅದು ಬರುವ ಮುಂಚೆಯೇ ನೀವು ಕೂತಿದ್ದರೆ ಆ ಹೊತ್ತು ನಿಮ್ಮದಾಗುತ್ತಿದೆ ಅಂತ ಅರ್ಥ. ನಾನು ಕೂತಿರಲಿಲ್ಲ. ಆದರೆ ಒಂದೂವರೆಗೆ ಏನೋ ಮರೆತಿದ್ದೇನೆ ಅನ್ನಿಸಿ ಬ್ಯಾಗ್ ನೋಡಿದ್ದೆ.

22. ಕುರ್ಚಿ. ಏಳು. 116.
23. 123.
24. ಚೀಟಿ ನೋಡು. 130.
25. ಓದಾಯ್ತಾ? ಇಲ್ಲವಾದರೆ ಈಗ ಎರಡು ಪುಟ. ಇವತ್ತಿನದು 137.
26. 144. ಪುಸ್ತಕ ಬ್ಯಾಗಿಗೆ. ಮುಂದಿನ ಪುಸ್ತಕ ಯಾವುದು?
27. ಬೆಂಚು. ನಾಲ್ಕು. 148.
28. ಗುರುತು 148ಕ್ಕೆ ತರುವ ದಿನ. ಅಲ್ಲೇ ಇದ್ದರೆ ಮುಂದಿನ ಪುಸ್ತಕ ತೆಗೆದಿಡು.
29. 155. ಕೊನೆಯ ಏಳು ನಾಳೆಗೆ ಇರಲಿ.
30. ಕೊನೆಯ ಏಳು. 162. ಇವತ್ತೇ ಹೊಸ ಪುಸ್ತಕ ಬ್ಯಾಗಿಗೆ.

## ಫೋನಿಗೆ ಹಾಕುವುದು

ಅಲಾರಂ ಬೇಡ. ದಿನಾ ಬರುವ ಅಲಾರಂಗೆ ಒಂದೇ ಹೆಸರು ಇರುತ್ತದೆ, ನಮಗೆ ದಿನಕ್ಕೊಂದು ಮಾತು ಬೇಕು. ಕ್ಯಾಲೆಂಡರಿನಲ್ಲಿ ಹಾಕಿ. ಮಾತನ್ನು ವಿವರಣೆಯ ಜಾಗದಲ್ಲಿ ಬರೆಯಬೇಡಿ, ಶೀರ್ಷಿಕೆಯಲ್ಲೇ ಬರೆಯಿರಿ. ಪರದೆಯ ಮೇಲೆ ಕಾಣುವುದು ಶೀರ್ಷಿಕೆ ಮಾತ್ರ.

ಮೂವತ್ತು ಸಲ ಫೋನಿನಲ್ಲಿ ಟೈಪ್ ಮಾಡುವುದು ಬೇಜಾರಿನ ಕೆಲಸ. ಗೂಗಲ್ ಕ್ಯಾಲೆಂಡರ್ ಬಳಸುವವರು ಕಂಪ್ಯೂಟರಿನಲ್ಲಿ ಒಂದು ಫೈಲ್ ಮಾಡಿ ಎಲ್ಲವನ್ನೂ ಒಂದೇ ಸಲ ಹಾಕಬಹುದು. ಮೊದಲು ಅಲ್ಲಿ "ಓದು" ಅಂತ ಪ್ರತ್ಯೇಕ ಕ್ಯಾಲೆಂಡರ್ ಮಾಡಿಕೊಳ್ಳಿ. ಏನಾದರೂ ತಪ್ಪಾದರೆ ಅದೊಂದನ್ನು ಅಳಿಸಿದರೆ ಸಾಕು, ಮೂವತ್ತನ್ನೂ ಒಂದೊಂದಾಗಿ ಹುಡುಕಬೇಕಿಲ್ಲ. ಫೈಲ್ ಹೀಗಿರಬೇಕು:

```
Subject,Start Date,Start Time,End Date,End Time
ಅದೇ ಕುರ್ಚಿ. ಇವತ್ತೂ ಮೂರೇ ಪುಟ.,06/02/2026,1:20 PM,06/02/2026,1:30 PM
```

ದಿನಾಂಕದಲ್ಲಿ ಮೊದಲು ತಿಂಗಳು, ಆಮೇಲೆ ದಿನ. ಮೇಲಿನದು ಜೂನ್ 2. ನಾನು ಮೊದಲ ಸಲ ಇದನ್ನು ತಿರುಗಾಮುರುಗಾ ಬರೆದು ರಿಮೈಂಡರುಗಳು ಫೆಬ್ರವರಿಗೂ ಮಾರ್ಚಿಗೂ ಹೋಗಿ ಕೂತವು. ಮಾತಿನೊಳಗೆ ಅಲ್ಪವಿರಾಮ ಹಾಕಬೇಡಿ, ಅದು ಕಾಲಂ ಒಡೆಯುತ್ತದೆ. ಮೇಲಿನ ಮೂವತ್ತರಲ್ಲೂ ಅಲ್ಪವಿರಾಮ ಇಲ್ಲದಿರುವುದು ಇದಕ್ಕೇ. ಫೈಲನ್ನು `.csv` ಹೆಸರಿನಲ್ಲಿ, `UTF-8` ಆರಿಸಿ ಉಳಿಸಿ. ಇಲ್ಲದಿದ್ದರೆ ಕನ್ನಡ ಅಕ್ಷರದ ಜಾಗದಲ್ಲಿ ಚೌಕ, ಪ್ರಶ್ನೆ ಗುರುತು ಬರುತ್ತವೆ. ಆಮೇಲೆ ಸೆಟ್ಟಿಂಗ್ಸಿನ `Import & export` ಗೆ ಹೋಗಿ ಫೈಲ್ ಕೊಟ್ಟು, "ಓದು" ಕ್ಯಾಲೆಂಡರ್ ಆರಿಸಿ.

ಇಷ್ಟು ಮಾಡಿಯೂ ಒಂದು ಹೆಜ್ಜೆ ಉಳಿಯುತ್ತದೆ. ಈ "ಓದು" ಕ್ಯಾಲೆಂಡರಿನ ಸೂಚನೆ ಎಷ್ಟು ನಿಮಿಷ ಮುಂಚೆ ಬರಬೇಕು ಅಂತ ಅದರ ಸೆಟ್ಟಿಂಗ್ಸಿನಲ್ಲಿ ನೋಡಿ ಸೊನ್ನೆ ಮಾಡಿ, ಸೂಚನೆಯೇ ಇಲ್ಲದಿದ್ದರೆ ಒಂದು ಸೇರಿಸಿ. ಹಾಗೇ ಬಿಟ್ಟರೆ ಅರ್ಧ ಗಂಟೆ ಮೊದಲೇ, ಊಟಕ್ಕೂ ಮುಂಚೆ ಬರಬಹುದು. ಅದನ್ನು ಪರೀಕ್ಷಿಸಲು ಎರಡು ನಿಮಿಷದ ನಂತರಕ್ಕೆ ಒಂದು ಸುಳ್ಳು ರಿಮೈಂಡರ್ ಹಾಕಿ ಕಾದು ನೋಡಿ. ಸದ್ದು ಬೇಡ, ಬರೀ ವೈಬ್ರೇಶನ್ ಸಾಕು.

## ತಪ್ಪಿದಾಗ

ನಿಯಮ ಒಂದೇ. ತಪ್ಪಿದ ಪುಟಗಳನ್ನು ಮರುದಿನಕ್ಕೆ ಸೇರಿಸಬೇಡಿ. ಹದಿನಾಲ್ಕು ಪುಟಕ್ಕೆ ಇಪ್ಪತ್ತು ನಿಮಿಷ ಬೇಕು, ಅಷ್ಟು ನಿಮ್ಮ ಊಟದ ವಿರಾಮದಲ್ಲಿ ಇಲ್ಲ. ಆ ದಿನವೂ ತಪ್ಪಿ ಮೂರನೇ ದಿನಕ್ಕೆ ಇಪ್ಪತ್ತೊಂದು ಆಗುತ್ತದೆ. ನಾನು ಪುಸ್ತಕಗಳನ್ನು ಅರ್ಧಕ್ಕೆ ಬಿಟ್ಟಿದ್ದು ಬಹುತೇಕ ಹೀಗೇ.

ಹಾಗಾದರೆ ರಿಮೈಂಡರಿನ ಅಂಕಿ ತಪ್ಪಾಗುವುದಿಲ್ಲವಾ? ಆಗುತ್ತದೆ. ಆಗಲಿ. ಗುರುತು ಎಲ್ಲಿದೆಯೋ ಅಲ್ಲಿಂದ ಏಳು ಪುಟ ಓದಿ. ರಿಮೈಂಡರಿನ ಅಂಕಿ ಎಷ್ಟು ಹಿಂದಿದ್ದೇವೆ ಅಂತ ತೋರಿಸುತ್ತದೆ, ಅಷ್ಟಕ್ಕೆ ಬಳಸಿ.

ನನಗೆ ಆಗಿದ್ದನ್ನೇ ಹೇಳುತ್ತೇನೆ. 16ನೇ ದಿನ ಮಗನಿಗೆ ಜ್ವರ. 16, 17, 18 ಮೂರೂ ದಿನ ರಜೆ ಹಾಕಿ ಮನೆಯಲ್ಲಿದ್ದೆ. ಒಂದು ಪುಟವೂ ಆಗಲಿಲ್ಲ, ರಿಮೈಂಡರುಗಳನ್ನೂ ಆಫ್ ಮಾಡಿದ್ದೆ. ಗುರುತು 77ರಲ್ಲಿ ನಿಂತಿತ್ತು, 21 ಪುಟ ಹಿಂದೆ. 19ನೇ ದಿನ ಆಫೀಸಿಗೆ ಹೋದಾಗ ರಿಮೈಂಡರ್ 105 ಅಂದಿತು. ನಾನು 84ಕ್ಕೆ ನಿಲ್ಲಿಸಿದೆ. ಶನಿವಾರ ನಾಲ್ಕು ಪುಟ, 88. ಭಾನುವಾರ ಮಕ್ಕಳನ್ನು ಅವರಪ್ಪ ಆಡಿಸಲು ಕರೆದುಕೊಂಡು ಹೋದಾಗ ಹದಿನಾಲ್ಕು ಪುಟ ಓದಿದೆ, 102 ಆಯಿತು. ಲೆಕ್ಕದ ಪ್ರಕಾರ 109 ಇರಬೇಕಿತ್ತು. ಇನ್ನೂ ಏಳು ಬಾಕಿ. ಅದನ್ನು ಹಾಗೇ ಇಟ್ಟುಕೊಂಡೇ ನಾಲ್ಕನೇ ವಾರ ನಡೆಸಿದೆ. 26ನೇ ದಿನಕ್ಕೆ 137, ಶನಿವಾರ 141. 28ನೇ ದಿನ, ಭಾನುವಾರ, ಬಾಕಿ ಏಳು ಓದಿದಾಗ ಗುರುತು 148ಕ್ಕೆ ಬಂತು. ಅಲ್ಲಿಗೆ ಲೆಕ್ಕ ಸರಿಹೋಯಿತು.

ಇದಕ್ಕೂ ಒಂದು ಮಿತಿ ಇದೆ. ಒಂದೇ ವಾರದಲ್ಲಿ ನಾಲ್ಕು ದಿನಕ್ಕಿಂತ ಹೆಚ್ಚು ತಪ್ಪಿದರೆ, ಅಥವಾ ಕೊನೆಯ ವಾರದಲ್ಲಿ ಮೂರು ದಿನ ಹೋದರೆ, ಭಾನುವಾರಗಳು ಸಾಲುವುದಿಲ್ಲ. ಆಗ ಪುಟ ಹೆಚ್ಚಿಸದೆ ಮುಗಿಯುವ ತಾರೀಕನ್ನು ಒಂದು ವಾರ ಮುಂದಕ್ಕೆ ಹಾಕಿ. ಫೈಲಿನಲ್ಲಿ ಉಳಿದ ಸಾಲುಗಳ ದಿನಾಂಕಕ್ಕೆ ಏಳು ಸೇರಿಸಿ, "ಓದು" ಕ್ಯಾಲೆಂಡರ್ ಅಳಿಸಿ ಹೊಸದಾಗಿ ಹಾಕಿದರೆ ಹತ್ತು ನಿಮಿಷದ ಕೆಲಸ.

ಪುಟಗಳು ತಪ್ಪದೆಯೂ ಯೋಜನೆ ಕೆಡಬಹುದು. ಏಳು ಪುಟ ಆಗುತ್ತಿದೆ, ಆದರೆ ಚೀಟಿಯಲ್ಲಿ ಬರೆಯಲು ಏನೂ ತೋಚುತ್ತಿಲ್ಲ ಅನ್ನಿ. ಮೂರು ದಿನ ಹೀಗಾದರೆ ಆ ಪುಸ್ತಕ ನಿಮಗಲ್ಲ. ಮುಚ್ಚಿಡಿ. ಹೊತ್ತು, ಕುರ್ಚಿ, ರಿಮೈಂಡರ್ ಹಾಗೇ ಇರಲಿ, ಬೇರೆ ಪುಸ್ತಕದ ಮೊದಲ ಪುಟದಿಂದ ಶುರು ಮಾಡಿ.

## 31ನೇ ದಿನ

ಮೂವತ್ತು ದಿನಕ್ಕೆ ಓದು ರೂಢಿಯಾಗಿಬಿಡುತ್ತದೆ ಅಂತ ನಾನು ಹೇಳಲಾರೆ. ಯೂನಿವರ್ಸಿಟಿ ಕಾಲೇಜ್ ಲಂಡನ್ನಿನ ಫಿಲಿಪಾ ಲ್ಯಾಲಿ ಮತ್ತು ಜೊತೆಗಾರರು 96 ಜನರನ್ನು 12 ವಾರ ಗಮನಿಸಿ 2009ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಊಟ, ನೀರು, ವ್ಯಾಯಾಮದಂಥ ಸಣ್ಣ ಅಭ್ಯಾಸಗಳು ತಾನಾಗಿ ನಡೆಯುವ ಮಟ್ಟಕ್ಕೆ ಬರಲು ಬೇಕಾದ ದಿನಗಳ ಅಂದಾಜಿನಲ್ಲಿ ನಡುವಿನ ಅಂಕಿ 66. ಕೆಲವರಿಗೆ 18 ಸಾಕಿತ್ತು, ಕೆಲವರ ಅಂದಾಜು 254ರವರೆಗೆ ಹೋಯಿತು. ಅದರಲ್ಲೇ ಇನ್ನೊಂದು ಮಾತೂ ಇತ್ತು: ನಡುವೆ ಒಂದು ದಿನ ತಪ್ಪಿದ್ದರಿಂದ ಹೇಳಿಕೊಳ್ಳುವಂಥ ಪೆಟ್ಟು ಬಿದ್ದಿರಲಿಲ್ಲ.

ಹಾಗಾಗಿ 30ನೇ ದಿನದ ರಿಮೈಂಡರಿನಲ್ಲಿ ಹೊಸ ಪುಸ್ತಕ ಬ್ಯಾಗಿಗೆ ಹಾಕು ಅಂತ ಇದೆ. ನಡುವೆ ಒಂದು ವಾರ ಬಿಡುವು ಕೊಟ್ಟರೆ ಆ ಹತ್ತು ನಿಮಿಷಕ್ಕೆ ಬೇರೇನಾದರೂ ಬಂದು ಕೂರುತ್ತದೆ. ನನಗೆ ಒಮ್ಮೆ ಹಾಗಾಯಿತು, ಒಂದೂವರೆಗೆ ಒಂದು ಮೀಟಿಂಗ್ ನಿಗದಿಯಾಗಿಬಿಟ್ಟಿತ್ತು. 31ನೇ ದಿನ ಮತ್ತೆ ಮೂರೇ ಪುಟ. ಹೊಸ ಪುಸ್ತಕದ ಅಕ್ಷರ ಚಿಕ್ಕದಿದ್ದರೆ, ಸಾಲು ಒತ್ತಾಗಿದ್ದರೆ, ಹತ್ತು ನಿಮಿಷದ ಅಳತೆಯನ್ನೂ ಮತ್ತೆ ಮಾಡಬೇಕು. ನನ್ನ ಎರಡನೇ ಪುಸ್ತಕದಲ್ಲಿ ಏಳು ಇದ್ದದ್ದು ಐದಾಯಿತು.